ಬಡ್ತಿ ಕಡತದ ಪ್ರಕಟಣೆಗಳ ಪಟ್ಟಿ: ಪ್ರಕಾರ ಮೊದಲು, ದಿನಾಂಕ ಆಮೇಲೆ

ವಿಶ್ವವಿದ್ಯಾಲಯದ ಅಧ್ಯಾಪಕರು ಸಹಾಯಕ ಪ್ರಾಧ್ಯಾಪಕ ಹುದ್ದೆಯಿಂದ ಸಹ ಪ್ರಾಧ್ಯಾಪಕ ಹುದ್ದೆಗೆ, ಅಲ್ಲಿಂದ ಪ್ರಾಧ್ಯಾಪಕ ಹುದ್ದೆಗೆ ಏರಬೇಕಾದರೆ ಬಡ್ತಿಯ ಕಡತವೊಂದನ್ನು ಸಲ್ಲಿಸಬೇಕು. ಸಿಎಎಸ್ ಎಂದು ಎಲ್ಲರ ಬಾಯಲ್ಲಿರುವ ಈ ಬಡ್ತಿಗೆ ಯುಜಿಸಿಯ 2018ರ ನಿಯಮಾವಳಿ ಆಧಾರ. ಕಡತದಲ್ಲಿ ಸೇವಾ ವಿವರ, ಬೋಧನೆಯ ಲೆಕ್ಕ, ತರಬೇತಿಯ ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಆದರೆ ಹೆಚ್ಚು ಆಕ್ಷೇಪಣೆ ಹುಟ್ಟುವುದು ಪ್ರಕಟಣೆಗಳ ಪಟ್ಟಿಯಲ್ಲಿ. ಬರೆದದ್ದು ಕಡಿಮೆಯಾಯಿತು ಎಂಬ ಕಾರಣಕ್ಕಿಂತ, ಬರೆದದ್ದನ್ನು ತಪ್ಪು ಜಾಗದಲ್ಲಿ ಅಥವಾ ತಪ್ಪು ದಿನಾಂಕದಲ್ಲಿ ತೋರಿಸಿದ ಕಾರಣಕ್ಕೆ ಕಡತ ವಾಪಸು ಬರುವುದುಂಟು.

ಪಟ್ಟಿಯನ್ನು ಓದುವವರು ಯಾವ ಪ್ರಶ್ನೆಗಳನ್ನು ಇಟ್ಟುಕೊಂಡು ಓದುತ್ತಾರೆ ಎಂಬುದು ತಿಳಿದರೆ ಜೋಡಣೆಯ ಕ್ರಮ ತಾನಾಗಿ ಹೊಳೆಯುತ್ತದೆ. ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ ಲೆವೆಲ್ 12ರಲ್ಲಿರುವ ಸಹಾಯಕ ಪ್ರಾಧ್ಯಾಪಕರು ಲೆವೆಲ್ 13ಎಗೆ, ಅಂದರೆ ಸಹ ಪ್ರಾಧ್ಯಾಪಕ ಹುದ್ದೆಗೆ ಹೋಗಬೇಕೆಂದು ಇಟ್ಟುಕೊಳ್ಳೋಣ. ಇತರ ಅರ್ಹತೆಗಳ ಜೊತೆಗೆ, ವಿದ್ವತ್ ಪರಿಶೀಲನೆ ಇರುವ ಅಥವಾ ಯುಜಿಸಿ ಪಟ್ಟಿಯಲ್ಲಿರುವ ನಿಯತಕಾಲಿಕೆಗಳಲ್ಲಿ ಕನಿಷ್ಠ ಏಳು ಸಂಶೋಧನ ಲೇಖನಗಳು ಅವರ ಹೆಸರಿನಲ್ಲಿರಬೇಕು. ಆ ಏಳರಲ್ಲಿ ಮೂರು ಮೌಲ್ಯಮಾಪನ ಅವಧಿಯೊಳಗೆ ಪ್ರಕಟವಾಗಿರಬೇಕು. ಜೊತೆಗೆ ಸಂಶೋಧನ ಅಂಕ ಕನಿಷ್ಠ 70 ಆಗಬೇಕು. ಹಾಗಾಗಿ ಪರಿಶೀಲಿಸುವವರು ಕೇಳುವುದು ಮೂರೇ ಸಂಗತಿ: ಇದು ಯಾವ ಪ್ರಕಾರದ ಪ್ರಕಟಣೆ, ಅವಧಿಯ ಒಳಗಿನದೋ ಹೊರಗಿನದೋ, ಪುರಾವೆ ಯಾವ ಪುಟದಲ್ಲಿದೆ. ಪಟ್ಟಿಯೂ ಇದೇ ಕ್ರಮದಲ್ಲಿ ಉತ್ತರ ಕೊಡಬೇಕು.

ಎಲ್ಲವನ್ನೂ ಒಂದೇ ಉದ್ದನೆಯ ಸಾಲಿನಲ್ಲಿ ವರ್ಷಾನುಕ್ರಮವಾಗಿ ಬರೆಯುವುದು ಸಾಹಿತಿಯ ಪರಿಚಯಕ್ಕೆ ಸರಿ, ಬಡ್ತಿಗೆ ಸಾಲದು. ಪುಸ್ತಕ, ಲೇಖನ, ಮುನ್ನುಡಿ, ವಿಚಾರ ಸಂಕಿರಣದ ಪ್ರಬಂಧ ಎಲ್ಲ ಬೆರೆತರೆ ಏಳು ಲೇಖನಗಳನ್ನು ಹುಡುಕಿ ಎಣಿಸುವ ಕೆಲಸ ಸಮಿತಿಯ ಪಾಲಿಗೆ ಬೀಳುತ್ತದೆ. ಆದ್ದರಿಂದ ಮೊದಲು ಪ್ರಕಾರಗಳಾಗಿ ಒಡೆಯಬೇಕು. ನಿಯತಕಾಲಿಕೆಯ ಸಂಶೋಧನ ಲೇಖನಗಳು, ಸ್ವತಂತ್ರ ಪುಸ್ತಕಗಳು, ಸಂಪಾದಿತ ಗ್ರಂಥದಲ್ಲಿನ ಅಧ್ಯಾಯಗಳು, ಸಂಪಾದಿಸಿದ ಪುಸ್ತಕಗಳು, ಅನುವಾದಗಳು ಎಂಬ ಕ್ರಮ ಯುಜಿಸಿಯ ಅಂಕಪಟ್ಟಿಗೆ ಹೊಂದುತ್ತದೆ. ಮಂಡಿಸಿದ ಪ್ರಬಂಧಗಳೂ ಆಹ್ವಾನಿತ ಉಪನ್ಯಾಸಗಳೂ ಆ ಪಟ್ಟಿಯಲ್ಲಿ ಬೇರೆಯದೇ ವರ್ಗ. ಅವನ್ನು ಪ್ರಕಟಣೆಗಳ ನಡುವೆ ತರಬಾರದು.

ಪ್ರಕಾರವನ್ನು ಗುರುತಿಸುವಾಗ ಕನ್ನಡದ ಅಧ್ಯಾಪಕರಿಗೆ ವಿಶೇಷವಾದ ತೊಡಕೊಂದಿದೆ. ನಮ್ಮಲ್ಲಿ ಒಳ್ಳೆಯ ಸಂಶೋಧನ ಬರಹಗಳು ಅಭಿನಂದನ ಗ್ರಂಥಗಳಲ್ಲಿ, ಸಂಸ್ಮರಣ ಸಂಪುಟಗಳಲ್ಲಿ, ಸಂಕಿರಣದ ಸಂಕಲನಗಳಲ್ಲಿ ಅಚ್ಚಾಗುವ ಪರಂಪರೆ ಹಳೆಯದು. ಶಾಸನವೊಂದರ ಪಾಠವನ್ನು ತಿದ್ದಿದ ಗಟ್ಟಿ ಲೇಖನ ಅಭಿನಂದನ ಗ್ರಂಥದಲ್ಲಿದ್ದರೆ ಅದು ವಿದ್ವತ್ತಿನ ದೃಷ್ಟಿಯಿಂದ ಸಂಶೋಧನೆಯೇ. ಆದರೂ ಬಡ್ತಿಯ ಲೆಕ್ಕದಲ್ಲಿ ಅದು ಸಂಪಾದಿತ ಗ್ರಂಥದ ಅಧ್ಯಾಯ. ಬರಹ ಎಲ್ಲಿ ಅಚ್ಚಾಯಿತು ಎಂಬುದರ ಮೇಲೆ ಪ್ರಕಾರ ತೀರ್ಮಾನವಾಗುತ್ತದೆ. ಐಎಸ್‌ಎಸ್‌ಎನ್ ಇರುವ ನಿಯತಕಾಲಿಕೆಯೋ ಐಎಸ್‌ಬಿಎನ್ ಇರುವ ಪುಸ್ತಕವೋ ಎಂದು ನೋಡುವುದು ಮೊದಲ ಪರೀಕ್ಷೆ. ಐಎಸ್‌ಎಸ್‌ಎನ್ ಎಂಟು ಸ್ಥಾನಗಳದು, 2007ರಿಂದ ಈಚಿನ ಐಎಸ್‌ಬಿಎನ್ ಹದಿಮೂರು ಅಂಕಿಗಳದು. ಅಚ್ಚಿನ ವಿವರಗಳ ಪುಟದಲ್ಲಿ ಎರಡನ್ನೂ ಸುಲಭವಾಗಿ ಪತ್ತೆಹಚ್ಚಬಹುದು. ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ವಿದ್ವತ್ ಪರಿಶೀಲನೆ ನಡೆದಿದೆ ಎಂದಾಗುವುದಿಲ್ಲ. ಅನೇಕ ಜನಪ್ರಿಯ ಮಾಸಿಕಗಳಿಗೂ ಆ ಸಂಖ್ಯೆ ಇರುತ್ತದೆ. ಲೇಖನಗಳು ಪರಿಶೀಲನೆಗೆ ಒಳಪಟ್ಟಿವೆ ಎಂದು ಪತ್ರಿಕೆಯೇ ಮುದ್ರಿಸಿರುವ ಪುಟ ಬೇಕು. ವಾರಪತ್ರಿಕೆಯ ಅಂಕಣ, ಪುರವಣಿಯ ಲೇಖನ, ಮುನ್ನುಡಿ ಇವುಗಳನ್ನು ಕೊನೆಯಲ್ಲಿ ‘ಇತರ ಬರಹಗಳು’ ಎಂದು ಪ್ರತ್ಯೇಕವಾಗಿ, ಅಂಕ ಕೇಳದೆ ಕೊಡುವುದು ಗೌರವದ ದಾರಿ. ಅವನ್ನು ಸಂಶೋಧನ ಲೇಖನಗಳ ನಡುವೆ ತೂರಿಸಿದರೆ ಮಿಕ್ಕ ನಿಜವಾದ ಲೇಖನಗಳ ಮೇಲೂ ಸಂಶಯ ಬೀಳುತ್ತದೆ.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಒಂದು ಲೇಖನಕ್ಕೆ ನಾಲ್ಕೈದು ದಿನಾಂಕಗಳು ಅಂಟಿಕೊಂಡಿರುತ್ತವೆ: ಕಳುಹಿಸಿದ್ದು, ಅಂಗೀಕಾರವಾದದ್ದು, ಜಾಲದಲ್ಲಿ ಮೊದಲು ಕಾಣಿಸಿದ್ದು, ಸಂಚಿಕೆಯ ಮೇಲೆ ಮುದ್ರಿತವಾದದ್ದು, ನಿಜಕ್ಕೂ ಅಚ್ಚಿನಿಂದ ಹೊರಬಂದದ್ದು. ನಿಯಮ ಕೇಳುವುದು ಪ್ರಕಟವಾದ ಲೇಖನವನ್ನು. ಅಂಗೀಕಾರ ಪತ್ರ ಎಷ್ಟು ಗಟ್ಟಿಯಾಗಿದ್ದರೂ ಅದು ಪ್ರಕಟಣೆಯಲ್ಲ. ಮುದ್ರಿತ ಪತ್ರಿಕೆಗಳಿಗೆ ಸಂಚಿಕೆಯ ಮೇಲಿನ ತಿಂಗಳು ಮತ್ತು ವರ್ಷವನ್ನು ಬರೆಯುವುದು ಸುರಕ್ಷಿತ, ಏಕೆಂದರೆ ಸಮಿತಿಯ ಕೈಯಲ್ಲಿರುವ ಪುರಾವೆ ಆ ಮುಖಪುಟವೇ. ಕನ್ನಡದ ತ್ರೈಮಾಸಿಕಗಳು ತಡವಾಗಿ ಬರುವುದು, ಎರಡು ಸಂಚಿಕೆ ಸೇರಿ ಒಂದಾಗಿ ಬರುವುದು ಅಪರೂಪವಲ್ಲ. ಜನವರಿ–ಮಾರ್ಚ್ ಎಂದು ಮುದ್ರಿತವಾದ ಸಂಚಿಕೆ ಆಗಸ್ಟ್‌ನಲ್ಲಿ ಕೈಸೇರಿದರೂ ಪಟ್ಟಿಯಲ್ಲಿ ಮುದ್ರಿತ ತಿಂಗಳೇ ಇರಲಿ. ವ್ಯತ್ಯಾಸ ಅವಧಿಯ ಗಡಿಯನ್ನು ಮುಟ್ಟುವಂತಿದ್ದರೆ ಸಂಪಾದಕರಿಂದ ಪತ್ರ ತರಿಸಿ ಜೊತೆಗಿಡಬೇಕು. ಜಾಲದಲ್ಲಿ ಮೊದಲು ಬಂದು ಆಮೇಲೆ ಸಂಚಿಕೆ ಸೇರಿದ ಲೇಖನಕ್ಕೆ ಎರಡೂ ದಿನಾಂಕಗಳನ್ನು ಬರೆಯಬೇಕು. ಒಂದನ್ನು ಮುಚ್ಚಿಟ್ಟರೆ ಪರಿಶೀಲಕರೇ ಅದನ್ನು ಕಂಡುಕೊಳ್ಳುತ್ತಾರೆ, ಆಗ ವಿವರಣೆ ಕೊಡುವ ಸ್ಥಿತಿ ಅಷ್ಟು ಹಿತವಾಗಿರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಬಿಡಿಸಿ ನೋಡಬಹುದು. ಕನ್ನಡ ವಿಭಾಗದ ಅಧ್ಯಾಪಕಿಯೊಬ್ಬರ ಮೌಲ್ಯಮಾಪನ ಅವಧಿ 2021ರ ಜುಲೈ 1ರಿಂದ 2024ರ ಜೂನ್ 30ರವರೆಗೆ. ಅವರ ಮೊದಲ ಕರಡಿನಲ್ಲಿ ಒಂಬತ್ತು ಸಂಶೋಧನ ಲೇಖನಗಳಿದ್ದವು: ಅವಧಿಗೆ ಮುಂಚಿನವು ಐದು, ಅವಧಿಯೊಳಗಿನವು ನಾಲ್ಕು. ಏಳು ಮತ್ತು ಮೂರು ಎಂಬ ಎರಡೂ ಷರತ್ತು ದಾಟಿದಂತೆಯೇ ಕಾಣುತ್ತಿತ್ತು. ಹಳೆಯ ಐದರ ಪ್ರತಿಗಳು ಸರಿಯಾಗಿಯೇ ಇದ್ದವು. ಅವಧಿಯೊಳಗಿನ ನಾಲ್ಕನ್ನು ಒಂದೊಂದಾಗಿ ಮೂಲ ಪ್ರತಿಯೊಡನೆ ಹೋಲಿಸಿದಾಗ ಚಿತ್ರ ಬದಲಾಯಿತು.

2021ರ ಸೆಪ್ಟೆಂಬರ್ ಲೇಖನ ವಿದ್ವತ್ ಪರಿಶೀಲನೆ ಇರುವ ಪತ್ರಿಕೆಯದು, ಇಬ್ಬರು ಬರೆದದ್ದು. ಅದು ಎಣಿಕೆಗೆ ಬರುತ್ತದೆ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಲೇಖನಕ್ಕೆ 10 ಅಂಕವಿದ್ದು, ಇಬ್ಬರೇ ಲೇಖಕರಿದ್ದರೆ ಪ್ರತಿಯೊಬ್ಬರಿಗೂ ಶೇ 70 ಸಿಗುವುದರಿಂದ ಇಲ್ಲಿ ಅಂಕ 7. 2022ರ ಡಿಸೆಂಬರ್ ಲೇಖನ ಅಭಿನಂದನ ಗ್ರಂಥದ್ದು. ಅದು ಅಧ್ಯಾಯಗಳ ವಿಭಾಗಕ್ಕೆ ಹೋಯಿತು. 10ರ ಬದಲು 5 ಅಂಕ. 2023ರ ಏಪ್ರಿಲ್ ಲೇಖನಕ್ಕೆ ಯಾವ ತೊಡಕೂ ಇಲ್ಲ. 2024ರ ಲೇಖನಕ್ಕೆ ಮೇ ತಿಂಗಳ ಅಂಗೀಕಾರ ಪತ್ರ ಮಾತ್ರ ಇತ್ತು, ಸಂಚಿಕೆ ಜುಲೈ–ಡಿಸೆಂಬರ್‌ನದು. ಅದು ಅವಧಿಯ ಹೊರಗೆ ಬಿತ್ತು. ಹೀಗೆ ಅವಧಿಯೊಳಗೆ ಉಳಿದದ್ದು ಎರಡೇ ಲೇಖನ. ಕಡತವನ್ನು ಹಾಗೆಯೇ ಸಲ್ಲಿಸಿದ್ದರೆ ಅನರ್ಹ ಎಂಬ ಷರಾ ಬೀಳುತ್ತಿತ್ತು.

ಕೊರತೆ ತುಂಬಿದ್ದು ಅವರು ಬೇರೆಡೆ ಬರೆದುಕೊಂಡಿದ್ದ ಒಂದು ನಮೂದು. 2023ರ ಫೆಬ್ರವರಿಯ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧ ಮಂಡನೆಗಳ ವಿಭಾಗದಲ್ಲಿ 3 ಅಂಕಕ್ಕೆ ಕುಳಿತಿತ್ತು. ಅದೇ ಪ್ರಬಂಧ ಪರಿಷ್ಕಾರಗೊಂಡು, ಪರಿಶೀಲನೆಗೆ ಒಳಪಟ್ಟು, 2024ರ ಜನವರಿಯಲ್ಲಿ ನಿಯತಕಾಲಿಕೆಯೊಂದರ ವಿಶೇಷ ಸಂಚಿಕೆಯಲ್ಲಿ ಅಚ್ಚಾಗಿತ್ತು. ಸಂಕಿರಣದ್ದೆಂಬ ಕಾರಣಕ್ಕೆ ಅವರು ಅದನ್ನು ಲೇಖನವೆಂದು ಪರಿಗಣಿಸಿರಲಿಲ್ಲ. ಅದನ್ನು ಲೇಖನಗಳ ವಿಭಾಗಕ್ಕೆ ತಂದು, ಮಂಡನೆಗಳ ವಿಭಾಗದಿಂದ ತೆಗೆದುಹಾಕಲಾಯಿತು. ಮಂಡಿಸಿದ ಪ್ರಬಂಧ ಸಂಪಾದಿತ ಪುಸ್ತಕದಲ್ಲೋ ಸಂಕಿರಣದ ಸಂಪುಟದಲ್ಲೋ ಸೇರಿದರೆ ಒಮ್ಮೆ ಮಾತ್ರ ಅಂಕ ಕೇಳಬಹುದು ಎಂದು ನಿಯಮಾವಳಿ ಹೇಳುತ್ತದೆ; ನಿಯತಕಾಲಿಕೆಯಲ್ಲಿ ಬಂದಾಗಲೂ ಅದೇ ಶಿಸ್ತನ್ನು ಪಾಲಿಸುವುದು ಒಳಿತು. ಈಗ ಒಟ್ಟು ಎಂಟು ಲೇಖನ, ಅವಧಿಯೊಳಗೆ ಮೂರು. ಕರಡಿಗಿಂತ ಒಂದು ಕಡಿಮೆಯಾದರೂ ಪ್ರತಿಯೊಂದೂ ನಿಲ್ಲುವಂಥದ್ದು.

ಪ್ರತಿ ಪ್ರಕಾರದೊಳಗೆ ಇತ್ತೀಚಿನದು ಮೇಲೆ ಬರುವಂತೆ ಜೋಡಿಸಿ, ಅವಧಿಯೊಳಗಿನವು ಮತ್ತು ಅದಕ್ಕೆ ಮುಂಚಿನವು ಎಂದು ಎರಡು ಉಪಶೀರ್ಷಿಕೆ ಹಾಕುವುದು ಒಳ್ಳೆಯದು. ಆಗ ‘ಮೂರು’ ಎಂಬ ಷರತ್ತು ಮೊದಲ ನೋಟಕ್ಕೇ ಕಾಣುತ್ತದೆ. ವಿಶ್ವವಿದ್ಯಾಲಯದ ನಮೂನೆ ಹಳೆಯದು ಮೊದಲು ಎಂದರೆ ಹಾಗೆಯೇ ಮಾಡಬೇಕು, ವಿಭಜನೆಯನ್ನು ಮಾತ್ರ ಬಿಡಬಾರದು. ಪ್ರತಿ ನಮೂದಿನಲ್ಲಿ ಲೇಖಕರ ಹೆಸರುಗಳು ಅಚ್ಚಾದ ಕ್ರಮದಲ್ಲೇ ಇರಬೇಕು. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಾಗ ಮೊದಲ, ಪ್ರಧಾನ ಅಥವಾ ಸಂಪರ್ಕ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30 ಸಿಗುವುದರಿಂದ, ಹೆಸರಿನ ಸ್ಥಾನ ಬದಲಾದರೆ ಅಂಕವೂ ಬದಲಾಗುತ್ತದೆ. ಅಭ್ಯರ್ಥಿಯ ಹೆಸರಿಗೆ ಅಡಿಗೆರೆ ಎಳೆದರೆ ಸಾಕು. ಆಮೇಲೆ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ ಮತ್ತು ಸಂಚಿಕೆ, ಪುಟಗಳು, ಐಎಸ್‌ಎಸ್‌ಎನ್, ತಿಂಗಳು ಮತ್ತು ವರ್ಷ. ಕೊನೆಯ ಅಂಕಣದಲ್ಲಿ ಅಡಕದ ಪುಟಸಂಖ್ಯೆ.

ಈ ಜೋಡಣೆಯನ್ನು ಎಕ್ಸೆಲ್‌ನಲ್ಲಿ ಮಾಡುವವರು ದಿನಾಂಕದ ಅಂಕಣವನ್ನು ಮೊದಲೇ ಪಠ್ಯರೂಪಕ್ಕೆ ಹೊಂದಿಸಿಕೊಂಡು, ವರ್ಷ ಮುಂದೆ, ತಿಂಗಳು ಹಿಂದೆ ಇಟ್ಟು 2023-04 ಎಂದು ಬರೆಯಬೇಕು. ‘ಏಪ್ರಿಲ್ 2023’ ಎಂದು ಬರೆದರೆ ತಿಂಗಳ ಹೆಸರಿನ ಅಕ್ಷರಕ್ರಮದಲ್ಲಿ ಸಾಲುಗಳು ಚೆದರುತ್ತವೆ. ಅಂತಿಮ ಪ್ರತಿಯಲ್ಲಿ ಬೇಕಾದರೆ ತಿಂಗಳ ಹೆಸರು ಹಾಕಿಕೊಳ್ಳಬಹುದು.

ಅಡಕಗಳೂ ಪಟ್ಟಿಯ ಕ್ರಮಸಂಖ್ಯೆಯಲ್ಲೇ ಬರಬೇಕು. ಪ್ರತಿ ಲೇಖನಕ್ಕೆ ಮುಖಪುಟ, ಅಚ್ಚಿನ ವಿವರಗಳ ಪುಟ, ಪರಿವಿಡಿ, ಸಂಪಾದಕ ಮಂಡಳಿಯ ಪುಟ, ಪೂರ್ತಿ ಲೇಖನ ಇರಲಿ. 2019ರಿಂದ ಕೆಲವು ವರ್ಷ ಯುಜಿಸಿ-ಕೇರ್ ಪಟ್ಟಿ ಬಳಕೆಯಲ್ಲಿತ್ತು. ಯುಜಿಸಿ ಅದನ್ನು ಈಗ ಕೈಬಿಟ್ಟಿದೆ. ಆ ವರ್ಷಗಳ ಲೇಖನಕ್ಕೆ, ಅಚ್ಚಾದ ಹೊತ್ತಿಗೆ ಪತ್ರಿಕೆ ಪಟ್ಟಿಯಲ್ಲಿತ್ತು ಎಂದು ತೋರಿಸುವ, ದಿನಾಂಕ ಕಾಣುವ ಮುದ್ರಿತ ಪುಟ ಬೇಕಾಗುತ್ತದೆ. ಹೆಸರಾಂತ ಪತ್ರಿಕೆಯ ಹೆಸರನ್ನೂ ಐಎಸ್‌ಎಸ್‌ಎನ್ ಅನ್ನೂ ನಕಲು ಮಾಡಿ ಹಣ ಪಡೆದು ಪ್ರಕಟಿಸುವ ತದ್ರೂಪಿ ಪತ್ರಿಕೆಗಳಿರುವುದರಿಂದ, ಸಂಖ್ಯೆ ಹೊಂದಿದ ಮಾತ್ರಕ್ಕೆ ಸಮಾಧಾನಪಡಬಾರದು. ಮೂಲ ಪ್ರಕಾಶಕರ ವಿಳಾಸ, ಸಂಪಾದಕರ ಹೆಸರು, ಸಂಪುಟದ ಸಂಖ್ಯೆ ತಾಳೆಯಾಗುತ್ತವೆಯೇ ಎಂದು ಸಲ್ಲಿಸುವ ಮೊದಲೇ ನೋಡಬೇಕು.

ಅಧ್ಯಾಪಕಿಯ ಜುಲೈ–ಡಿಸೆಂಬರ್ 2024ರ ಲೇಖನ ಈ ಕಡತದಲ್ಲಿ ‘ಪ್ರಕಟಣೆಗೆ ಅಂಗೀಕೃತ’ ಎಂಬ ಪ್ರತ್ಯೇಕ ಶೀರ್ಷಿಕೆಯಡಿ, ಅಂಕವಿಲ್ಲದೆ ನಿಂತಿತು. ಪ್ರಾಧ್ಯಾಪಕ ಹುದ್ದೆಗೆ ಹತ್ತು ಲೇಖನಗಳು, ಅದರಲ್ಲೂ ಮೂರು ಆ ಹೊಸ ಅವಧಿಯವು ಬೇಕು. 2024ರ ಜುಲೈ 1ರಿಂದಲೇ ಅವರ ಹೊಸ ಅವಧಿ ಶುರುವಾದರೆ, ಮುಂದಿನ ಕಡತದಲ್ಲಿ ಆ ಮೂರರ ಲೆಕ್ಕ ಈ ಲೇಖನದಿಂದ ಆರಂಭವಾಗುತ್ತದೆ.