ಜಾಮೂನಿನ ನಡುವೆ ಉಳಿಯುವ ಬಿಳಿ ಗಂಟು

ಮೊದಲ ಸಲ ನಾನೊಬ್ಬಳೇ ಜಾಮೂನು ಮಾಡಿದ್ದು ತಂಗಿಯ ಮಗುವಿನ ನಾಮಕರಣಕ್ಕೆ. ಬಣ್ಣ ನೋಡಿದವರೆಲ್ಲ ಮೆಚ್ಚಿದರು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಚಮಚದಿಂದ ಒಂದನ್ನು ಎರಡು ಹೋಳು ಮಾಡಿದಾಗ ನಾನು ಅಲ್ಲೇ ಬಡಿಸುತ್ತಿದ್ದೆ. ಹೊರಗೆ ಕಂದು, ಅದರೊಳಗೆ ಪಾಕ ಹೀರಿದ ಒಂದು ತೆಳು ಸುತ್ತು, ನಟ್ಟನಡುವೆ ಹುಣಸೆಬೀಜದಷ್ಟು ಬಿಳಿ ಹಿಟ್ಟು. ಅವರು ಏನೂ ಹೇಳದೆ ಆ ಬಿಳಿ ಭಾಗವನ್ನು ಎಲೆಯ ಅಂಚಿಗೆ ಸರಿಸಿದರು. ಪಾಕದಲ್ಲಿ ನಾಲ್ಕು ಗಂಟೆ ನೆನೆದಿದ್ದರೂ ಆ ಗಂಟಿಗೆ ಒಂದು ಹನಿ ಸಿಹಿ ಇಳಿದಿರಲಿಲ್ಲ.

ತಪ್ಪು ಪಾಕದ್ದಲ್ಲ, ಉರಿಯದ್ದು. ಎಣ್ಣೆ ಚೆನ್ನಾಗಿ ಕಾದಷ್ಟೂ ಒಳಗಿನವರೆಗೆ ಬೇಗ ಬೇಯುತ್ತದೆ ಎಂದು ನಾನು ನಂಬಿದ್ದೆ. ಜಾಮೂನಿನ ಮಟ್ಟಿಗೆ ಅದು ನಿಜವಲ್ಲ. ಉಂಡೆಯಲ್ಲಿ ನೀರಿನಂಶ ಇರುವವರೆಗೆ ಅದರ ಒಳಭಾಗ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಹೊರಗಿನ ಎಣ್ಣೆ 135 ಡಿಗ್ರಿ ಇರಲಿ, 180 ಇರಲಿ. ಶಾಖ ಅಲ್ಲಿಂದ ನಡುವಿನವರೆಗೆ ಹಿಟ್ಟಿನ ಮೂಲಕ ಮೆಲ್ಲಗೆ ಸಾಗಬೇಕು, ಅದಕ್ಕೆ ಹಿಡಿಯುವ ಹೊತ್ತು ಹಿಡಿದೇ ತೀರುತ್ತದೆ. ಮೇಲ್ಮೈ ಕಥೆ ಬೇರೆ. ಅದು ಒಣಗಿದ ಕೂಡಲೇ ಬಿಸಿ ಏರುತ್ತದೆ, ಕೋವಾದಲ್ಲಿರುವ ಹಾಲಿನ ಸಕ್ಕರೆ, ಪ್ರೋಟೀನು ಎರಡೂ ಸೇರಿ ಕಂದು ಬಣ್ಣ ಕಟ್ಟುತ್ತವೆ. ಎಣ್ಣೆ ಹೆಚ್ಚು ಕಾದಷ್ಟೂ ಬಣ್ಣ ಓಡೋಡಿ ಬರುತ್ತದೆ. ಅಂದರೆ ಉರಿ ಹೆಚ್ಚಿಸಿದರೆ ಬೇಯುವುದು ಅಷ್ಟಾಗಿ ಬೇಗ ಆಗುವುದಿಲ್ಲ, ಬಣ್ಣ ಮಾತ್ರ ಬೇಗ ಬರುತ್ತದೆ. ಎರಡೇ ನಿಮಿಷದಲ್ಲಿ ಹೊಂಬಣ್ಣ ನೋಡಿ ನಾವು ಎತ್ತಿಬಿಡುತ್ತೇವೆ. ವಡೆ, ಬೋಂಡ ಕರಿದು ರೂಢಿಯಾದ ಕೈಗೆ ಈ ತಪ್ಪು ಇನ್ನೂ ಸುಲಭ.

250 ಗ್ರಾಂ ಕೋವಾದ ಲೆಕ್ಕದಲ್ಲಿ ಹೇಳುತ್ತೇನೆ. ಜಾಮೂನಿಗೆ ಮೆತ್ತನೆಯ, ತೇವ ಹೆಚ್ಚಿರುವ ಕೋವಾ ಬೇಕು. ವ್ಯಾಪಾರದವರು ಅದನ್ನು ಧಾಪ್ ಎನ್ನುತ್ತಾರೆ. ಗಟ್ಟಿ ಕೋವಾ ಪೇಡಕ್ಕೆ ಸರಿ. ಕೋವಾವನ್ನು ಅಂಗೈಯ ಬುಡದಿಂದ ತಟ್ಟೆಗೆ ಒತ್ತಿ ಒತ್ತಿ ಉಜ್ಜಬೇಕು, ಬೆರಳಿಗೆ ಒಂದು ಕಾಳೂ ಸಿಗಬಾರದು. ಆಮೇಲೆ 50 ಗ್ರಾಂ ಮೈದಾ, ಎರಡು ಚಿಟಿಕೆ ಅಡುಗೆ ಸೋಡಾ. ಹಿಟ್ಟು ಬಿಗಿ ಅನ್ನಿಸಿದರೆ ಮಾತ್ರ ಒಂದೆರಡು ಚಮಚ ಹಾಲು. ಸೋಡಾ ಕೈತಪ್ಪಿ ಹೆಚ್ಚು ಬಿದ್ದರೆ ಉಂಡೆ ಎಣ್ಣೆಯಲ್ಲಿ ಬಿರಿಯುತ್ತದೆ, ಬಣ್ಣವೂ ಹೊತ್ತಿಗೆ ಮುಂಚೆ ಬಂದುಬಿಡುತ್ತದೆ.

ಇಷ್ಟು ಹಿಟ್ಟಿಗೆ 24 ಉಂಡೆ, ಒಂದೊಂದೂ ನೆಲ್ಲಿಕಾಯಿಯಷ್ಟು. ಅವು ಕರಿಯುವಾಗಲೂ, ಪಾಕದಲ್ಲೂ ಉಬ್ಬುತ್ತವೆ, ಹಾಗಾಗಿ ಈಗ ಚಿಕ್ಕದು ಕಂಡರೂ ಚಿಂತೆಯಿಲ್ಲ. ಉಂಡೆ ದಪ್ಪವಾದರೆ ಬೇಯುವ ಹೊತ್ತು ಅದೇ ಅಳತೆಯಲ್ಲಿ ಏರುವುದಿಲ್ಲ, ಅದಕ್ಕಿಂತ ಜೋರಾಗಿ ಏರುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ಶಾಖ ನಡುವಿಗೆ ತಲುಪಲು ನಾಲ್ಕು ಪಟ್ಟು ಹೊತ್ತು ಬೇಕು. ನಿಂಬೆಹಣ್ಣಿನಷ್ಟು ಕಟ್ಟಿದ ಉಂಡೆಗೆ ನೆಲ್ಲಿಕಾಯಿಯಷ್ಟರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕಾಗುತ್ತದೆ. ಒಂದೇ ಬಾಣಲೆಯಲ್ಲಿ ಎರಡು ಗಾತ್ರ ಬಿಟ್ಟರೆ ಒಂದಲ್ಲ ಒಂದು ಕೆಡುತ್ತದೆ.

ಉರಿಯ ಹದ ನನಗೆ ಕಲಿಸಿದ್ದು ಮದುವೆ ಮನೆಯೊಂದರ ಅಡುಗೆ ಭಟ್ಟರು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಕಡಲೆಕಾಳಿನಷ್ಟು ಹಿಟ್ಟು ಬಿಟ್ಟರು. ಅದು ತಳಕ್ಕೆ ಇಳಿಯಿತು, ಸುತ್ತ ಸಾಸಿವೆಯಂಥ ಸಣ್ಣ ಗುಳ್ಳೆಗಳೆದ್ದವು. ಮನಸ್ಸಿನಲ್ಲೇ ಎಣಿಸುತ್ತಾ ಹದಿನೈದಕ್ಕೆ ಬರುವ ಹೊತ್ತಿಗೆ ಅದು ಆತುರವಿಲ್ಲದೆ ಮೇಲೆ ಬಂತು, ಬಣ್ಣ ಇನ್ನೂ ಬಿಳಿಯೇ. “ಇದೇ ಹದ ಕಣಮ್ಮಾ. ಬಿಟ್ಟ ತಕ್ಷಣ ಚುರ್ ಅಂತ ಮೇಲೆ ಬಂದರೆ ಒಲೆ ಆರಿಸಿ ಕಾಯ್ತಾ ಕೂತ್ಕೊ” ಎಂದರು. ಥರ್ಮಾಮೀಟರು ಇದ್ದವರಿಗೆ ಅದು 130ರಿಂದ 140 ಡಿಗ್ರಿ. ವಡೆಯ ಎಣ್ಣೆ 170–180 ಇರುತ್ತದೆ.

ಉಂಡೆಗಳನ್ನು ಬಾಣಲೆಯ ಅಂಚಿನಿಂದ ಜಾರಿಸಬೇಕು. ಒಂದು ಸಲಕ್ಕೆ ಎಂಟು ಸಾಕು, ಉರುಳಾಡಲು ಜಾಗ ಬೇಕು. ಮೊದಲು ಅವು ತಳದಲ್ಲೇ ಕೂರುತ್ತವೆ. ಆಗ ಸುಮ್ಮನೆ ಬಿಟ್ಟರೆ ತಳ ತಾಗಿದ ಕಡೆ ಚಪ್ಪಟೆಯಾಗಿ ಕಪ್ಪು ಮಚ್ಚೆ ಬೀಳುತ್ತದೆ, ಜಾಲರಿಯಿಂದ ಚುಚ್ಚಿದರೆ ಎಳೆ ಮೈ ಹರಿಯುತ್ತದೆ. ಭಟ್ಟರು ಉಂಡೆಯನ್ನು ಮುಟ್ಟಲೇ ಇಲ್ಲ. ಜಾಲರಿಯ ಬೆನ್ನಿನಿಂದ ಎಣ್ಣೆಯನ್ನು ಅಂಚಿನಗುಂಟ ಸುತ್ತು ತಿರುಗಿಸಿದರು. ಎಣ್ಣೆ ತಿರುಗಿದಂತೆ ಉಂಡೆಗಳೂ ತಾವಾಗಿ ಮಗುಚಿಕೊಂಡವು. ಒಂದು ನಿಮಿಷದ ಹೊತ್ತಿಗೆ ಎಲ್ಲವೂ ತೇಲಿದವು. ತೇಲಿದ ಮೇಲೂ ಕೈ ನಿಲ್ಲಿಸುವಂತಿಲ್ಲ. ತೇಲುವ ಉಂಡೆಯ ಅರ್ಧ ಎಣ್ಣೆಯಲ್ಲಿ, ಅರ್ಧ ಗಾಳಿಯಲ್ಲಿ. ತಿರುಗಿಸದಿದ್ದರೆ ಎರಡು ಬಣ್ಣದ ಜಾಮೂನು ಆಗುತ್ತದೆ.

ಬಣ್ಣ ಬರುವ ಬಗೆಯನ್ನು ಕಣ್ಣಿಟ್ಟು ನೋಡಬೇಕು. ಮೂರನೇ ನಿಮಿಷಕ್ಕೆ ಕೆನೆಬಣ್ಣ, ಐದಕ್ಕೆ ಗೋಧಿಬಣ್ಣ. ಆಗಲೇ ಹೊಂಬಣ್ಣ ದಾಟಿದ್ದರೆ ಉರಿ ಹೆಚ್ಚಾಗಿದೆ ಎಂದರ್ಥ. ಏಳೆಂಟನೇ ನಿಮಿಷಕ್ಕೆ ಗುಳ್ಳೆ ತಗ್ಗುತ್ತದೆ, ಉಂಡೆ ಗಾತ್ರದಲ್ಲಿ ಹಿಗ್ಗಿ ಹಗುರವಾಗಿ ಕುಣಿಯುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಕಂದು ಗಾಢವಾಗುತ್ತದೆ. ಅಲ್ಲಿಗೆ ಒಟ್ಟು ಹತ್ತು ನಿಮಿಷ. ಮೊದಲ ಸುತ್ತಿನಲ್ಲಿ ಒಂದನ್ನು ಬಲಿಕೊಟ್ಟು ಕತ್ತರಿಸಿ ನೋಡುವುದನ್ನು ನಾನು ಈಗಲೂ ಬಿಟ್ಟಿಲ್ಲ. ಅಂಚಿನಿಂದ ನಡುವಿನವರೆಗೆ ಒಂದೇ ಬಗೆಯ ಸಣ್ಣ ಸಣ್ಣ ರಂಧ್ರ ಕಾಣಬೇಕು. ನಡುವೆ ನುಣುಪಾಗಿ, ಮೇಣದಂತೆ ಹೊಳೆದರೆ ಅಲ್ಲಿ ಹಿಟ್ಟು ಹಸಿ.

ಹಾಗಂತ ಉರಿಯನ್ನು ತೀರಾ ಇಳಿಸಿದರೂ ಕೆಡುತ್ತದೆ. ಎಣ್ಣೆ ಬೆಚ್ಚಗಷ್ಟೇ ಇದ್ದರೆ ಹೊರಮೈ ಗಟ್ಟಿಯಾಗುವುದೇ ಇಲ್ಲ. ಉಂಡೆ ಜಿಡ್ಡು ಹೀರುತ್ತದೆ, ಸುತ್ತ ನೊರೆ ಏಳುತ್ತದೆ, ಕೊನೆಗೆ ಕೋವಾ ಒಡೆದು ಎಣ್ಣೆಯಲ್ಲಿ ಪುಡಿಯಾಗಿ ಹರಡುತ್ತದೆ. ಹೀಗಾಗಿದ್ದನ್ನು ನೋಡಿ ಹೆದರಿ ಅನೇಕರು ಉರಿ ಏರಿಸಿಬಿಡುತ್ತಾರೆ. ಒಂದೇ ಒಂದು ಉಂಡೆಯನ್ನು ಮೊದಲು ಬಿಟ್ಟು ನೋಡಿದರೆ ಈ ನಷ್ಟ ಒಂದರಲ್ಲೇ ನಿಲ್ಲುತ್ತದೆ. ಉರಿ ಸರಿಯಿದ್ದೂ ಒಡೆದರೆ ಉಳಿದ ಹಿಟ್ಟಿಗೆ ಒಂದು ಚಮಚ ಮೈದಾ ಸೇರಿಸಿ ಮತ್ತೆ ಉಂಡೆ ಕಟ್ಟಬಹುದು.

ಹೆಚ್ಚಿನ ಮನೆಗಳಲ್ಲಿ ಕೆಡುವುದು ಎರಡನೇ ಸುತ್ತು. ಮೊದಲ ಸುತ್ತಿನ ಕೊನೆಗೆ ಉಂಡೆಗಳಿಂದ ನೀರು ಹೊರಡುವುದು ಕಡಿಮೆಯಾಗುತ್ತದೆ, ಅಷ್ಟೇ ಉರಿಯಲ್ಲಿ ಎಣ್ಣೆಯ ಬಿಸಿ ಸದ್ದಿಲ್ಲದೆ ಏರಿರುತ್ತದೆ. ಅದಕ್ಕೇ ಜಾಮೂನು ಎತ್ತಿದ ಮೇಲೆ ಒಲೆ ಆರಿಸಿ ಮೂರ್ನಾಲ್ಕು ನಿಮಿಷ ಬಿಟ್ಟು, ಕಡಲೆಕಾಳಿನಷ್ಟು ಹಿಟ್ಟು ಹಾಕಿ ಮತ್ತೆ ಪರೀಕ್ಷಿಸಬೇಕು. ಆ ಬಿಡುವಿನಲ್ಲಿ ಎತ್ತಿದ ಎಂಟನ್ನು ಪಾಕಕ್ಕೆ ಬಿಡಬಹುದು. ಎರಡು ಲೋಟ ಸಕ್ಕರೆಗೆ ಎರಡು ಲೋಟ ನೀರು ಹಾಕಿ ಕುದಿಸಿದ, ಬೆರಳಿಗೆ ಅಂಟುವ ಆದರೆ ಎಳೆ ಬಾರದ ಪಾಕ. ಅದು ಬಿಸಿಯಿರಬೇಕು, ಕುದಿಯುತ್ತಿರಬಾರದು. ನಡುವಿನವರೆಗೆ ಬೆಂದ ಜಾಮೂನು ಮೊದಲು ಪಾಕದ ಮೇಲೆ ತೇಲುತ್ತದೆ, ಒಂದೆರಡು ಗಂಟೆಯಲ್ಲಿ ಭಾರವಾಗಿ ಮೆಲ್ಲಗೆ ಕೆಳಗಿಳಿಯುತ್ತದೆ.