ಕೇಳದೆ ಗ್ರೂಪಿಗೆ ಸೇರಿಸಿದರೆ ಏನು ಮಾಡಬೇಕು?

2019ರ ಏಪ್ರಿಲ್ ತಿಂಗಳವರೆಗೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಚಿತ್ರ ಸ್ಥಿತಿ ಇತ್ತು. ನಿಮ್ಮ ಮೊಬೈಲ್ ನಂಬರ್ ಯಾರ ಕೈಗೆ ಸಿಕ್ಕರೂ ಸರಿ, ಅವರು ನಿಮ್ಮನ್ನು ಒಂದು ಮಾತೂ ಕೇಳದೆ ತಮ್ಮ ಗ್ರೂಪಿಗೆ ಹಾಕಿಕೊಳ್ಳಬಹುದಿತ್ತು. ಬೇಡವೆಂದರೆ ಹೊರಗೆ ಬರಬೇಕು, ಇಲ್ಲವೇ ಸೇರಿಸಿದವರನ್ನು ಬ್ಲಾಕ್ ಮಾಡಬೇಕು. ಮೊದಲೇ ತಡೆಯುವ ದಾರಿ ಇರಲಿಲ್ಲ. ಆ ವರ್ಷದ ಲೋಕಸಭಾ ಚುನಾವಣೆಯ ಮೊದಲ ಹಂತದ ಮತದಾನಕ್ಕೆ ಸುಮಾರು ಒಂದು ವಾರ ಇದ್ದಾಗ, ಯಾರು ತನ್ನನ್ನು ಗ್ರೂಪಿಗೆ ಸೇರಿಸಬಹುದು ಎಂದು ಬಳಕೆದಾರನೇ ತೀರ್ಮಾನಿಸುವ ಸೆಟ್ಟಿಂಗನ್ನು ಕಂಪನಿ ಪ್ರಕಟಿಸಿತು. ಅದು ಮೊದಲು ಬಂದದ್ದು ಭಾರತದ ಬಳಕೆದಾರರಿಗೆ. ಉಳಿದ ದೇಶಗಳಿಗೆ ಪೂರ್ತಿಯಾಗಿ ತಲುಪುವ ಹೊತ್ತಿಗೆ ನವೆಂಬರ್ ಆಗಿತ್ತು.

ಇಷ್ಟು ವರ್ಷ ಕಳೆದರೂ ಬೇಡದ ಗ್ರೂಪುಗಳ ಕಾಟ ನಿಂತಿಲ್ಲ. ಕಾರಣ ಸರಳ. ಬಾಗಿಲಿಗೆ ಚಿಲಕ ಬಂತು, ಆದರೆ ಅದನ್ನು ಹಾಕುವ ಕೆಲಸ ನಮಗೇ ಬಿಟ್ಟರು. ನೀವಾಗಿ ಬದಲಾಯಿಸದಿದ್ದರೆ ಆ ಸೆಟ್ಟಿಂಗ್ ‘ಎಲ್ಲರೂ ಸೇರಿಸಬಹುದು’ ಎಂಬಲ್ಲೇ ಇರುತ್ತದೆ.

ಮೂರು ಆಯ್ಕೆ, ಒಂದು ಸಂದು

ವಾಟ್ಸ್‌ಆ್ಯಪ್ ತೆರೆದು Settings, ಅದರೊಳಗೆ Privacy, ಅದರೊಳಗೆ Groups ಒತ್ತಿ. ಮೂರು ಆಯ್ಕೆಗಳು ಕಾಣುತ್ತವೆ. Everyone ಎಂದರೆ ನಿಮ್ಮ ನಂಬರ್ ಇರುವ ಯಾರು ಬೇಕಾದರೂ ಸೇರಿಸಬಹುದು. My contacts ಎಂದರೆ ನಿಮ್ಮ ಫೋನಿನಲ್ಲಿ ನೀವು ಹೆಸರು ಸೇವ್ ಮಾಡಿಟ್ಟುಕೊಂಡವರು ಮಾತ್ರ ಸೇರಿಸಬಹುದು. My contacts except... ಎಂದರೆ ಸೇವ್ ಮಾಡಿಕೊಂಡವರಲ್ಲೂ ನೀವು ಗುರುತು ಹಾಕಿದವರಿಗೆ ಅವಕಾಶವಿಲ್ಲ.

ಎರಡನೆಯ ಆಯ್ಕೆಯನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಫೋನಿನ ಪಟ್ಟಿ, ಅವರ ಫೋನಿನದಲ್ಲ. ಮನೆ ಬ್ರೋಕರ್ ನಿಮ್ಮ ನಂಬರನ್ನು ಎಷ್ಟು ಭದ್ರವಾಗಿ ಇಟ್ಟುಕೊಂಡಿದ್ದರೂ, ನೀವು ಅವರ ನಂಬರ್ ಸೇವ್ ಮಾಡಿಲ್ಲದಿದ್ದರೆ ಅವರಿಗೆ ನಿಮ್ಮನ್ನು ಸೇರಿಸಲಾಗದು. ತಿರುಗಿಸಿ ನೋಡಿದರೆ, ಎಂದೋ ಒಂದು ದಿನ ಫ್ರಿಜ್ ರಿಪೇರಿಗೆ ಬಂದವರ ನಂಬರ್ ನಿಮ್ಮ ಪಟ್ಟಿಯಲ್ಲಿ ಉಳಿದಿದ್ದರೆ ಅವರೂ ನಿಮ್ಮ ‘ಕಾಂಟ್ಯಾಕ್ಟ್’ ತಾನೇ. ಅವರು ಸೈಟ್ ವ್ಯವಹಾರ ಶುರುಮಾಡಿ ಗ್ರೂಪ್ ಕಟ್ಟಿದರೆ ನೀವು ಅದರೊಳಗೆ.

ಯಾರೂ ಸೇರಿಸಬಾರದು ಎನ್ನುವವರಿಗೆ ಮೂರನೆಯ ಆಯ್ಕೆಯೇ ದಾರಿ. ಮೊದಲ ರೂಪದಲ್ಲಿ ‘ಯಾರೂ ಬೇಡ’ ಎಂಬ ನೇರ ಆಯ್ಕೆಯೇ ಇತ್ತು, ನವೆಂಬರ್‌ನಲ್ಲಿ ಅದನ್ನು ತೆಗೆದು ಈ except ತಂದರು. ಅದನ್ನು ಒತ್ತಿ, ಬರುವ ಪಟ್ಟಿಯಲ್ಲಿ ಎಲ್ಲರನ್ನೂ ಒಮ್ಮೆಗೇ ಗುರುತು ಮಾಡಿ ಉಳಿಸಿದರೆ ‘ಯಾರೂ ಬೇಡ’ ಎಂದಂತೆಯೇ ಆಗುತ್ತದೆ. ಆದರೆ ಒಂದು ಸಂದು ಉಳಿಯುತ್ತದೆ. ನೀವು ಗುರುತು ಹಾಕಿದ್ದು ಆ ದಿನ ಪಟ್ಟಿಯಲ್ಲಿದ್ದವರಿಗೆ. ನಾಳೆ ಸೇವ್ ಮಾಡುವ ಹೊಸ ನಂಬರಿಗೆ ಆ ತಡೆ ತಾನಾಗಿ ತಗಲುವುದಿಲ್ಲ. ಹಾಗಾಗಿ ಆಗಾಗ ಆ ಪಟ್ಟಿಗೆ ಹೋಗಿ ಹೊಸಬರಿಗೂ ಗುರುತು ಹಾಕಬೇಕು.

ಇನ್ನೊಂದು ಮಿತಿ ಗೊತ್ತಿರಲಿ. ಈ ಸೆಟ್ಟಿಂಗ್ ಮುಂದೆ ಬರುವುದನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಇರುವ ಗ್ರೂಪುಗಳಿಂದ ನಿಮ್ಮನ್ನು ಹೊರಗೆ ತರುವುದಿಲ್ಲ. ನೀವಿರುವ ಗ್ರೂಪನ್ನು ಅದರ ಅಡ್ಮಿನ್ ದೊಡ್ಡದೊಂದು ‘ಕಮ್ಯುನಿಟಿ’ಗೆ ಜೋಡಿಸಿದರೆ, ಆ ಕಮ್ಯುನಿಟಿಯ ಪ್ರಕಟಣೆಗಳ ಗ್ರೂಪಿನಲ್ಲೂ ನೀವು ಇರುತ್ತೀರಿ. ನಾನು ಸೇರಿಯೇ ಇಲ್ಲ, ಇದೆಲ್ಲಿಂದ ಬಂತು ಎಂದು ಅನ್ನಿಸುವ ಹಲವು ಗ್ರೂಪುಗಳ ಮೂಲ ಇದೇ.

ಬೇಜಾರಿಲ್ಲದೆ ಬೇಡವೆನ್ನುವುದು

ಚಿಲಕ ಹಾಕಿದ ಮೇಲೆ ಸೇರಿಸಲು ಬಂದವರಿಗೆ ಏನಾಗುತ್ತದೆ? ನಿಮ್ಮ ಮಾವನ ಮಗ ‘ಗೃಹಪ್ರವೇಶ’ ಎಂದು ಗ್ರೂಪ್ ಮಾಡಿ ನಿಮ್ಮ ಹೆಸರು ಒತ್ತಿದರೆ, ಸೇರಿಸಲಾಗಲಿಲ್ಲ, ಬೇಕಾದರೆ ಆಹ್ವಾನ ಕಳಿಸಿ ಎಂದು ಅವನ ಫೋನ್ ಹೇಳುತ್ತದೆ. ಅವನು ಒಪ್ಪಿದರೆ ನಿಮ್ಮಿಬ್ಬರ ಖಾಸಗಿ ಚಾಟ್‌ನಲ್ಲಿ ಒಂದು ಕಾರ್ಡ್ ಬಂದು ಬೀಳುತ್ತದೆ. ಸೇರಬೇಕೆನಿಸಿದರೆ ಅದನ್ನು ಒತ್ತಿ ಸೇರಬಹುದು. ಸುಮ್ಮನಿದ್ದರೆ ಮೂರು ದಿನಕ್ಕೆ ಆ ಆಹ್ವಾನ ತಾನಾಗಿ ರದ್ದಾಗುತ್ತದೆ.

ನಮ್ಮ ಕಡೆ ಇದರ ಅನುಕೂಲ ದೊಡ್ಡದು. ಗ್ರೂಪಿಗೆ ಹೋಗಿ ಹೊರಬಂದರೆ ‘ಏನಪ್ಪಾ, ನಾವೆಲ್ಲ ಬೇಡವಾದೆವಾ’ ಎಂಬ ಫೋನ್ ಬರುತ್ತದೆ. 2022ರಿಂದ ಹೊರಬಿದ್ದ ಸುದ್ದಿ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ ನಿಜ. ಆದರೆ ಬಿಟ್ಟುಹೋದವರ ಪಟ್ಟಿಯನ್ನು ಸದಸ್ಯರು 60 ದಿನದವರೆಗೆ ನೋಡಬಹುದು. ಆಹ್ವಾನಕ್ಕೆ ಸುಮ್ಮನಿದ್ದರೆ ಗ್ರೂಪಿನವರ ಮುಂದೆ ನಿಮ್ಮ ಹೆಸರೇ ಬರುವುದಿಲ್ಲ.

ಲಿಂಕ್ ಎಂಬ ಇನ್ನೊಂದು ದಾರಿ

ಇಷ್ಟೆಲ್ಲ ಬೇರೆಯವರು ನಿಮ್ಮನ್ನು ಎಳೆದುಕೊಳ್ಳುವ ದಾರಿಯ ಮಾತಾಯಿತು. ಲಿಂಕ್ ಬೇರೆ ದಾರಿ. ಅಲ್ಲಿ ಒತ್ತುವ ಬೆರಳು ನಿಮ್ಮದೇ, ಆದ್ದರಿಂದ ಮೇಲಿನ ಸೆಟ್ಟಿಂಗ್ ಅಲ್ಲಿ ಅಡ್ಡ ಬರುವುದಿಲ್ಲ. ಲಿಂಕ್ ನೋಡಲು ಹೀಗಿರುತ್ತದೆ: chat.whatsapp.com/ ಎಂದು ಶುರುವಾಗಿ, ಅದರ ಮುಂದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಆ ಸಾಲೇ ಆ ಗ್ರೂಪಿನ ಗುರುತು. ಲಿಂಕ್ ಒತ್ತಿದ ಕೂಡಲೇ ನೀವು ಸದಸ್ಯರಾಗಿಬಿಡುವುದಿಲ್ಲ. ಮೊದಲು ಗ್ರೂಪಿನ ಹೆಸರು, ಚಿತ್ರ, ಎಷ್ಟು ಜನರಿದ್ದಾರೆ ಎಂಬುದು ಕಾಣುತ್ತದೆ. ಅಲ್ಲಿ Join group ಒತ್ತಿದ ಮೇಲೆಯೇ ಸೇರುವುದು. ಆ ಕ್ಷಣದಿಂದ ಸಾಮಾನ್ಯ ಗ್ರೂಪಿನಲ್ಲಿ ನಿಮ್ಮ ಮೊಬೈಲ್ ನಂಬರ್ ಅಲ್ಲಿರುವ ಎಲ್ಲರ ಕಣ್ಣಿಗೂ ಬೀಳುತ್ತದೆ. ಗ್ರೂಪಿನಲ್ಲಿ 1,024 ಜನರವರೆಗೆ ಇರಬಹುದು.

ಲಿಂಕಿನ ದೊಡ್ಡ ಗುಣವೂ ದೋಷವೂ ಒಂದೇ: ಅದು ಯಾರ ಕೈಯಲ್ಲಿದೆ ಎಂದು ನೋಡುವುದಿಲ್ಲ. ಖಾಸಗಿ ಆಹ್ವಾನದ ಕಾರ್ಡಿನಂತೆ ಮೂರು ದಿನಕ್ಕೆ ಸಾಯುವುದೂ ಇಲ್ಲ. ಅಡ್ಮಿನ್ ಬದಲಾಯಿಸುವವರೆಗೂ ನಡೆಯುತ್ತದೆ. ಇದರ ಪರಿಣಾಮ 2020ರ ಫೆಬ್ರುವರಿಯಲ್ಲಿ ಜಗತ್ತಿಗೇ ಗೊತ್ತಾಯಿತು. ಖಾಸಗಿ ಎಂದುಕೊಂಡಿದ್ದ ಗ್ರೂಪುಗಳ ಲಿಂಕುಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದವು. ಆಗ ಸಿಕ್ಕ ಫಲಿತಾಂಶಗಳ ಸಂಖ್ಯೆ ಸುಮಾರು 4.7 ಲಕ್ಷ ಎಂದು ವರದಿಯಾಗಿತ್ತು. ಸದಸ್ಯರು ಯಾವುದೋ ವೆಬ್‌ಸೈಟಿನಲ್ಲಿ ಲಿಂಕ್ ಹಾಕಿದ್ದರು, ಗೂಗಲ್ ಅದನ್ನು ಹೆಕ್ಕಿಕೊಂಡಿತ್ತು. ಆಮೇಲೆ ಆ ಫಲಿತಾಂಶಗಳನ್ನು ತೆಗೆದರೂ, 2021ರ ಜನವರಿಯಲ್ಲಿ ಮತ್ತೊಮ್ಮೆ ಹಾಗೇ ಆಯಿತು.

ಊರ ಮಟ್ಟದಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಒಂದು ಹೈಸ್ಕೂಲಿನ 1998ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸ್ನೇಹ ಸಮ್ಮಿಲನಕ್ಕೆಂದು ಗ್ರೂಪ್ ಮಾಡಿದ್ದಾರೆ ಎಂದುಕೊಳ್ಳಿ. ನಂಬರ್ ಸಿಗದ ಗೆಳೆಯರೂ ಬರಲಿ ಎಂದು ಒಬ್ಬರು ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತಾರೆ. ಹತ್ತು ಮಂದಿ ಹಳೆಯ ಗೆಳೆಯರ ಜೊತೆಗೆ, ಯಾರಿಗೂ ಗುರುತಿಲ್ಲದ ನಾಲ್ಕು ನಂಬರುಗಳೂ ಒಳಬರುತ್ತವೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ದಿಢೀರ್ ಸಾಲದ ಜಾಹೀರಾತು ಬೀಳುತ್ತದೆ, ಕೆಲವರಿಗೆ ಖಾಸಗಿಯಾಗಿಯೂ ಮೆಸೇಜ್ ಬರತೊಡಗುತ್ತದೆ. ಅಪರಿಚಿತರು ಬಂದ ದಾರಿ ಯಾವುದೆಂದು ಚಾಟ್‌ನಲ್ಲೇ ಬರೆದಿರುತ್ತದೆ. ನಡುವೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರುವ ಸೂಚನೆ ನೋಡಿ. ಇಂಥವರು ಇಂಥವರನ್ನು ಸೇರಿಸಿದರು ಎಂದಿದ್ದರೆ ಯಾರೋ ಸದಸ್ಯರೇ ಕರೆತಂದಿದ್ದಾರೆ. ಲಿಂಕ್ ಮೂಲಕ ಸೇರಿದರು ಎಂದಿದ್ದರೆ ಲಿಂಕ್ ಹೊರಗೆ ಹೋಗಿದೆ.

ಇಂಥ ಹೊತ್ತಿನಲ್ಲಿ ಅಪರಿಚಿತರನ್ನಷ್ಟೇ ತೆಗೆದುಹಾಕಿ ಸುಮ್ಮನಾಗುವ ಅಡ್ಮಿನ್‌ಗಳೇ ಹೆಚ್ಚು. ಮರುದಿನ ಬೇರೆ ನಂಬರುಗಳು ಅದೇ ಲಿಂಕ್ ಹಿಡಿದು ಬರುತ್ತವೆ. ಮೊದಲು ಮಾಡಬೇಕಾದದ್ದು ಗ್ರೂಪಿನ ಲಿಂಕ್ ಇರುವಲ್ಲಿ ಹೋಗಿ Reset link ಒತ್ತುವುದು. ಆಗ ಹಳೆಯ ಲಿಂಕ್ ಎಲ್ಲೆಲ್ಲಿ ಹರಡಿದ್ದರೂ ಕೆಲಸಕ್ಕೆ ಬಾರದಾಗುತ್ತದೆ, ಅದೇ ಲಿಂಕಿನಿಂದ ಮಾಡಿ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಕೂಡ. ಎರಡನೆಯದು, ಗ್ರೂಪಿನ ಅನುಮತಿಗಳಲ್ಲಿ ಹೊಸಬರನ್ನು ಅಡ್ಮಿನ್ ಒಪ್ಪಬೇಕು ಎಂಬ ಆಯ್ಕೆಯನ್ನು ಆನ್ ಮಾಡುವುದು. 2023ರಿಂದ ಇರುವ ಈ ವ್ಯವಸ್ಥೆಯಲ್ಲಿ ಲಿಂಕ್ ಒತ್ತಿದವರು ಕಾಯಬೇಕು, ಅಡ್ಮಿನ್ ನೋಡಿ ಒಪ್ಪಿದರೆ ಒಳಗೆ. ಮೂರನೆಯದು, ಸದಸ್ಯರೆಲ್ಲ ಬೇರೆಯವರನ್ನು ಸೇರಿಸುವ ಅವಕಾಶವನ್ನು ನಿಲ್ಲಿಸುವುದು. ಇಷ್ಟಾದ ಮೇಲೆ ಅಪರಿಚಿತರನ್ನು ತೆಗೆದರೆ ಮಾತ್ರ ಫಲ.

ಈಗಾಗಲೇ ಸೇರಿಸಿಬಿಟ್ಟಿದ್ದರೆ

ಈಗಿನ ದೊಡ್ಡ ಅಪಾಯ ಷೇರು, ಹೂಡಿಕೆಯ ಹೆಸರಿನ ನಕಲಿ ಗ್ರೂಪುಗಳದ್ದು. ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ಸೇರಿಸಿದ ನಂಬರ್ ನಿಮ್ಮ ಪಟ್ಟಿಯಲ್ಲಿಲ್ಲ, ಕೆಲವೊಮ್ಮೆ +91 ಬಿಟ್ಟು ಬೇರೆ ದೇಶದ ಸಂಖ್ಯೆಯಿಂದ ಶುರುವಾಗುತ್ತದೆ. ಗ್ರೂಪಿನಲ್ಲಿ ನೂರಾರು ಜನರಿದ್ದರೂ ಮಾತಾಡುವವರು ಏಳೆಂಟು ಮಂದಿ, ಎಲ್ಲರೂ ಲಾಭ ಬಂತೆಂದು ಸ್ಕ್ರೀನ್‌ಶಾಟ್ ಹಾಕುವವರೇ. ಕೊನೆಗೆ ಯಾವುದೋ ಆ್ಯಪ್ ಇನ್‌ಸ್ಟಾಲ್ ಮಾಡಿ ಹಣ ಹಾಕಿ ಎನ್ನುತ್ತಾರೆ. ಪಟ್ಟಿಯಲ್ಲಿಲ್ಲದವರು ಅಪರಿಚಿತ ಗ್ರೂಪಿಗೆ ಸೇರಿಸಿದಾಗ ವಾಟ್ಸ್‌ಆ್ಯಪ್ ಈಗ ಚಾಟ್ ತೆರೆಯುವ ಮೊದಲೇ ಎಚ್ಚರಿಕೆಯ ಪರದೆ ತೋರಿಸುತ್ತದೆ. 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಈ ಪರದೆಯಿಂದಲೇ, ಒಳಗಿನ ಮೆಸೇಜ್ ನೋಡದೆ ಹೊರಬರಬಹುದು.

ಹೊರಬರುವಾಗ ಕ್ರಮ ತಪ್ಪಬಾರದು. ಮೊದಲು ಗ್ರೂಪಿನ ಹೆಸರು ಮತ್ತು ಸೇರಿಸಿದವರ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಗ್ರೂಪಿನ ಹೆಸರು ಒತ್ತಿ, ಕೆಳಗೆ Report group ಆರಿಸಿ. ನಿಮಗೆ ಬಂದ ಕೊನೆಯ ಐದು ಮೆಸೇಜುಗಳು ಕಂಪನಿಯ ಪರಿಶೀಲನೆಗೆ ಹೋಗುತ್ತವೆ. ರಿಪೋರ್ಟ್ ಮಾಡುವಾಗಲೇ ಗ್ರೂಪ್ ಬಿಟ್ಟು ಚಾಟ್ ಅಳಿಸುವ ಆಯ್ಕೆಯೂ ಇರುತ್ತದೆ, ಅದಕ್ಕೇ ಸ್ಕ್ರೀನ್‌ಶಾಟ್ ಮೊದಲು. ನಂತರ ಸೇರಿಸಿದ ನಂಬರನ್ನು ಬ್ಲಾಕ್ ಮಾಡಿ. ಬ್ಲಾಕ್ ಮಾಡಿದ ನಂಬರಿನಿಂದ ಮತ್ತೆ ಸೇರಿಸಲಾಗದು, ಆದರೆ ಅದೇ ತಂಡದ ಬೇರೆ ನಂಬರಿಗೆ ಅದು ತಡೆಯಲ್ಲ. ಹಾಗಾಗಿ ಕೊನೆಗೆ Groups ಸೆಟ್ಟಿಂಗಿಗೆ ಹೋಗಿ Everyone ತೆಗೆಯಲೇಬೇಕು.

ಟೆಲಿಗ್ರಾಂ ಬಳಸುವವರು ಇದೇ ಕೆಲಸವನ್ನು Privacy and Security ಒಳಗೆ ಮಾಡಬೇಕು. ಅಲ್ಲಿ ಗ್ರೂಪ್, ಚಾನೆಲ್ ಎರಡಕ್ಕೂ ಯಾರು ಸೇರಿಸಬಹುದೆಂದು ಆರಿಸಬಹುದು. ಅಲ್ಲಿನ ಗ್ರೂಪುಗಳು ಎರಡು ಲಕ್ಷ ಸದಸ್ಯರವರೆಗೆ ಬೆಳೆಯುತ್ತವೆ, ಹಾಗಾಗಿ ನಕಲಿ ಹೂಡಿಕೆಯವರಿಗೆ ಅದೂ ಇಷ್ಟದ ಜಾಗ.

ಹಣ ಕಳಿಸಿಬಿಟ್ಟಿದ್ದರೆ ಗ್ರೂಪಿನಲ್ಲಿ ಜಗಳವಾಡುತ್ತಾ ಹೊತ್ತು ಕಳೆಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಗ ತೆಗೆದಿಟ್ಟ ಸ್ಕ್ರೀನ್‌ಶಾಟ್ ದೂರಿನ ಜೊತೆ ಕೊಡಲು ಬೇಕಾಗುತ್ತದೆ.