ತುರ್ತಾಗಿ ನೂರಿಪ್ಪತ್ತು ಜನ ಬೇಕು

ಬಿಡದಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ದೊಡ್ಡ ಆರ್ಡರ್ ಬಂದಿದೆ, ಮುಂದಿನ ತಿಂಗಳಿಂದ ಮೂರನೇ ಶಿಫ್ಟ್ ಶುರುವಾಗಬೇಕು, 120 ಆಪರೇಟರ್‌ಗಳು ಬೇಕು. ಪ್ರೊಡಕ್ಷನ್ ಮ್ಯಾನೇಜರ್ ದಿನಕ್ಕೆರಡು ಸಲ ಎಚ್‌ಆರ್ ಹೆಡ್ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಜಾಹೀರಾತು ಎರಡು ತಿಂಗಳಿಂದ ಓಡುತ್ತಲೇ ಇದೆ. ಇದು ಹೊರಗಿನವರ ಕಣ್ಣಿಗೂ ಬೀಳುವುದರಿಂದ ಸ್ಟಾಫಿಂಗ್ ಕಂಪನಿಗಳ ಪತ್ರಗಳು ಒಂದರ ಹಿಂದೊಂದು ಬರತೊಡಗುತ್ತವೆ. ನಮ್ಮ ಬಳಿ ಲಕ್ಷಾಂತರ ಜನರ ಮಾಹಿತಿ ಇದೆ, ಎಷ್ಟು ಜನ ಬೇಕಾದರೂ ಒಂದು ವಾರದಲ್ಲಿ ಕೊಡುತ್ತೇವೆ ಎನ್ನುವುದೇ ಹೆಚ್ಚಿನವುಗಳ ಸಾರ.

ನನಗೆ ಮುಖ್ಯವೆನಿಸುವುದು ಬೇರೆ ಬಗೆಯ ಪತ್ರ. ಅದು ಹೆಚ್ಚುಕಡಿಮೆ ಹೀಗಿರುತ್ತದೆ: "ನಿಮ್ಮ ಮೂರನೇ ಶಿಫ್ಟಿನ ಜಾಹೀರಾತು ಮತ್ತೆ ಮತ್ತೆ ಬರುತ್ತಿರುವುದನ್ನು ನೋಡಿದೆವು. 120 ಜನರನ್ನು ಒಂದೇ ಸಲ ಕೊಡುತ್ತೇವೆಂದು ನಾವು ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆ ಐಟಿಐ ಮುಗಿಸಿದ 40 ಮಂದಿಯನ್ನು ಹನ್ನೆರಡು ದಿನಗಳಲ್ಲಿ ಸೇರಿಸಬಲ್ಲೆವು. ಅದಕ್ಕೂ ಮೊದಲು ಒಂದು ಮಾತು ಕೇಳಬೇಕಿದೆ. ಕಳೆದ ತಿಂಗಳು ನೀವು ಎಷ್ಟು ಮಂದಿಗೆ ಆಫರ್ ಕೊಟ್ಟಿರಿ, ಎಷ್ಟು ಮಂದಿ ಬಂದರು, ಈಗ ಉಳಿದವರೆಷ್ಟು?"

ಈ ಕೊನೆಯ ಪ್ರಶ್ನೆಯಲ್ಲಿ ಇಡೀ ವ್ಯವಹಾರವಿದೆ. ನಮ್ಮ ಕಾರ್ಖಾನೆಯಲ್ಲಿ 60 ಮಂದಿಗೆ ಆಫರ್ ಹೋಗಿತ್ತು, 42 ಮಂದಿ ಬಂದರು, ತಿಂಗಳ ಕೊನೆಗೆ ಉಳಿದವರು 27 ಎಂದಿಟ್ಟುಕೊಳ್ಳಿ. ಅಂದರೆ ನೂರಕ್ಕೆ ನಲವತ್ತೈದು. ಇದೇ ಲೆಕ್ಕದಲ್ಲಿ ಹೋದರೆ 120 ಜನ ಉಳಿಯಲು ಸುಮಾರು 267 ಮಂದಿಗೆ ಆಫರ್ ಕೊಡಬೇಕು. ಇಷ್ಟು ಹೊತ್ತಿಗೆ ತೊಂದರೆ ಜನ ಸಿಗದಿರುವುದೋ, ಬಂದವರು ನಿಲ್ಲದಿರುವುದೋ ಎಂಬುದು ಎಚ್‌ಆರ್ ಹೆಡ್‌ಗೇ ಗೊತ್ತಾಗಿರುತ್ತದೆ. ಬಿಟ್ಟುಹೋದ ಹದಿನೈದು ಜನರಲ್ಲಿ ಹತ್ತು ಮಂದಿ ಕನಕಪುರದ ಕಡೆಯವರಾಗಿದ್ದು, ರಾತ್ರಿ ಪಾಳಿಗೆ ಆ ಕಡೆಯಿಂದ ಕಂಪನಿ ಬಸ್ಸು ಇಲ್ಲದಿದ್ದರೆ, ಯಾವ ಸ್ಟಾಫಿಂಗ್ ಕಂಪನಿ ಬಂದರೂ ಆ ಸೋರಿಕೆ ನಿಲ್ಲದು. ಬಸ್ಸಿನ ಮಾರ್ಗ ಬದಲಿಸಬೇಕು, ಇಲ್ಲವೇ ಬಸ್ಸಿರುವ ಊರುಗಳಿಂದ ಜನರನ್ನು ಆರಿಸಬೇಕು. ಇದನ್ನು ಕೇಳದೆ "ಎಷ್ಟು ಜನ ಬೇಕಾದರೂ" ಎನ್ನುವವರು ಮುಂದಿನ ತಿಂಗಳು ಅದೇ ಹುದ್ದೆಗಳಿಗೆ ಮತ್ತೆ ಬಿಲ್ ಮಾಡುತ್ತಾರೆ.

ಪತ್ರದಲ್ಲಿ ಎರಡನೆಯದಾಗಿ ನೋಡಬೇಕಾದದ್ದು ದರ. ಒಂದೇ ಸಂಖ್ಯೆ ಬರೆದು ತಲೆಗೆ ಇಷ್ಟು ಎಂದಿದ್ದರೆ ಅದನ್ನು ಬಿಡಿಸಿ ಬರೆಯುವಂತೆ ಕೇಳಲೇಬೇಕು. ಲೆಕ್ಕಕ್ಕೆ ಅನುಕೂಲವೆಂದು ತಿಂಗಳ ಸಂಬಳ 20,000 ರೂಪಾಯಿ ಎನ್ನೋಣ. ಭವಿಷ್ಯ ನಿಧಿಯನ್ನು 15,000ದ ಮಿತಿಯವರೆಗೆ ಮಾತ್ರ ಕಟ್ಟಿದರೂ, ಮಾಲೀಕರ ಪಾಲು, ವಿಮೆ, ಆಡಳಿತ ಶುಲ್ಕ ಸೇರಿ ಶೇಕಡಾ 13ರಂತೆ 1,950 ಆಗುತ್ತದೆ. ಇಎಸ್‌ಐಗೆ ಮಾಲೀಕರ ಪಾಲು ಶೇಕಡಾ 3.25, ಅಂದರೆ 650. ಬೋನಸ್‌ಗೆಂದು ಸಂಬಳದ ಶೇಕಡಾ 8.33 ತೆಗೆದಿಟ್ಟರೆ 1,666. ಅಲ್ಲಿಗೆ 24,266. ರಜೆಯ ಸಂಬಳ, ಗ್ರಾಚ್ಯುಟಿ ಇನ್ನೂ ಸೇರಿಲ್ಲ. ಕಂಪನಿಯ ಸೇವಾ ಶುಲ್ಕ 1,200 ಎಂದರೂ 25,466. ಇಡೀ ಬಿಲ್ಲಿನ ಮೇಲೆ ಶೇಕಡಾ 18 ಜಿಎಸ್‌ಟಿ ಬಿದ್ದು ಸುಮಾರು 30,050 ಆಗುತ್ತದೆ. ಆ ತೆರಿಗೆಯನ್ನು ಸಾಮಾನ್ಯವಾಗಿ ಕಾರ್ಖಾನೆ ತನ್ನ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ.

ಈಗ ಯಾರಾದರೂ ಇದೇ ಸಂಬಳಕ್ಕೆ, ತೆರಿಗೆಗೆ ಮೊದಲು, 23,000ಕ್ಕೆ ಜನರನ್ನು ಕೊಡುತ್ತೇವೆ ಎಂದರೆ ಕೊರತೆಯ ಹಣ ಎಲ್ಲೋ ಒಂದು ಕಡೆಯಿಂದ ಬರಲೇಬೇಕು. ಅದು ಬರುವುದು ಕೆಲಸಗಾರರ ಕೈಯಿಂದ. ಕಟ್ಟದ ಪಿಎಫ್, ಕೊಡದ ಬೋನಸ್, ಅರ್ಧ ಲೆಕ್ಕಕ್ಕೆ ಬಂದ ಓಟಿ, ಸೇರುವಾಗ ವಸೂಲಿ ಮಾಡಿದ "ರಿಜಿಸ್ಟ್ರೇಷನ್" ಹಣ ಹೀಗೆ ಅದಕ್ಕೆ ದಾರಿಗಳು ಹಲವು. ಪತ್ತೆ ಹಚ್ಚುವುದು ಕಷ್ಟವಲ್ಲ. ಕಳಿಸಿದ ಪಟ್ಟಿಯಿಂದ ಐದು ಹೆಸರು ಆರಿಸಿ, ಸಂದರ್ಶನಕ್ಕೆ ಮೊದಲೇ ಎಚ್‌ಆರ್‌ನವರೇ ಫೋನ್ ಮಾಡಿ, ಕೈಗೆ ಎಷ್ಟು ಬರುತ್ತದೆಂದು ಹೇಳಿದ್ದಾರೆ, ಯಾರಿಗಾದರೂ ದುಡ್ಡು ಕೊಟ್ಟಿದ್ದೀರಾ ಎಂದು ಕೇಳಬೇಕು. ಐವರಲ್ಲಿ ಇಬ್ಬರಿಗೆ ಕೆಲಸ ಯಾವ ಊರಿನಲ್ಲಿ ಎಂಬುದೇ ಗೊತ್ತಿಲ್ಲದಿದ್ದರೆ, ಆ ಪಟ್ಟಿ ಎಲ್ಲಿಂದಲೋ ತೆಗೆದ ಹಳೆಯ ಬಯೋಡೇಟಾಗಳ ರಾಶಿ.

ಕೆಲಸಗಾರರ ಸಂಬಳ ನಿಂತರೆ ಅದು ಸ್ಟಾಫಿಂಗ್ ಕಂಪನಿಯ ಪಾಡು ಎಂದು ಕಾರ್ಖಾನೆ ಕೈತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಉತ್ಪಾದನೆಯ ಲೈನಿನಂಥ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಇಡಬಾರದೆಂಬುದು ಅದರ ಸಾಮಾನ್ಯ ನಿಯಮ. ಕೆಲಸ ಇದ್ದಕ್ಕಿದ್ದಂತೆ ಹೆಚ್ಚಿ ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದಾಗ ವಿನಾಯಿತಿ ಇದೆ. ಬಿಡದಿಯ ನಮ್ಮ ಎಚ್‌ಆರ್ ಹೆಡ್ ಒಪ್ಪಂದದಲ್ಲಿ ಆ ಆರ್ಡರಿನ ಅವಧಿಯನ್ನು ಬರೆಸಬೇಕು. ಗುತ್ತಿಗೆದಾರರ ಲೈಸೆನ್ಸಿನಲ್ಲಿ ಎಷ್ಟು ಜನರವರೆಗೆ ಅನುಮತಿ ಇದೆ ಎಂಬುದನ್ನೂ ಅದರ ಪ್ರತಿ ತರಿಸಿಕೊಂಡು ನೋಡಬೇಕು.

ಅವಸರದ ನೇಮಕಾತಿ ಹೇಗೆ ಕೈಮೀರುತ್ತದೆ ಎನ್ನುವುದನ್ನು ಕೋಲಾರ ಜಿಲ್ಲೆಯ ನರಸಾಪುರ ಕಂಡಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಕೆಲಸಗಾರರ ಸಿಟ್ಟು ಒಡೆದು ಗಾಜು, ಯಂತ್ರ, ವಾಹನಗಳು ಪುಡಿಯಾದವು. ಅವರಲ್ಲಿ ಹೆಚ್ಚಿನವರು ಸ್ಟಾಫಿಂಗ್ ಕಂಪನಿಗಳ ಮೂಲಕ ಬಂದವರು. ಸ್ವಲ್ಪವೇ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಎಚ್‌ಆರ್ ವಿಭಾಗ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ, ಹಾಜರಾತಿ ವ್ಯವಸ್ಥೆಯ ದೋಷ ಸರಿಯಾಗಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿ ಹೇಳಿತು. ಆ್ಯಪಲ್ ಕಂಪನಿಯು ವಿಸ್ಟ್ರಾನನ್ನು ಪರೀಕ್ಷಾವಧಿಯಲ್ಲಿಟ್ಟು ಹೊಸ ಆರ್ಡರ್ ನಿಲ್ಲಿಸಿತು. ಜನರನ್ನು ತರುವ ವೇಗಕ್ಕೆ ಅವರ ಸಂಬಳ ಎಣಿಸುವ ಕೈಗಳು ಸಾಲದೆ ಹೋದದ್ದು ಅಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ತಿಂಗಳಿಡೀ ದುಡಿದವನಿಗೆ ಖಾತೆಗೆ ಬಿದ್ದ ಮೊತ್ತದ ಲೆಕ್ಕವನ್ನು ಯಾರೂ ವಿವರಿಸದಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಆದ್ದರಿಂದಲೇ ಹನ್ನೆರಡು ದಿನದಲ್ಲಿ 40 ಮಂದಿ ಎನ್ನುವ ಪತ್ರವನ್ನು ನಾನು ನಂಬುತ್ತೇನೆ. ಆ ದಿನಗಳಲ್ಲಿ ಊರುಗಳಲ್ಲಿ ಆಯ್ಕೆ, ದಾಖಲೆಗಳ ಪರಿಶೀಲನೆ, ಪಿಎಫ್ ಮತ್ತು ಇಎಸ್‌ಐ ನೋಂದಣಿ, ವೈದ್ಯಕೀಯ ತಪಾಸಣೆ, ಸುರಕ್ಷತಾ ತರಬೇತಿ ಎಲ್ಲ ಆಗಬೇಕು. ನೇಮಕಾತಿ ಪತ್ರ ಪ್ರತಿಯೊಬ್ಬರ ಕೈಯಲ್ಲಿರಬೇಕು. ಗೇಟಿನ ಯಂತ್ರದ ಹಾಜರಾತಿಯನ್ನೂ ಸ್ಟಾಫಿಂಗ್ ಕಂಪನಿಯ ಹಾಜರಾತಿಯನ್ನೂ ವಾರಕ್ಕೊಮ್ಮೆ ಎದುರುಬದುರು ಇಟ್ಟು ಸರಿಪಡಿಸಲು ಕಂಪನಿಯ ಒಬ್ಬರು ಕಾರ್ಖಾನೆಯಲ್ಲೇ ಕೂತಿರಬೇಕು. ಸಂಬಳದ ದಿನದವರೆಗೆ ಕಾದರೆ ಬಿಟ್ಟುಹೋದ ಓಟಿ ಗಂಟೆಗಳು ನೂರಾರಾಗುತ್ತವೆ, ಯಾವುದು ಯಾರದೆಂದು ನೆನಪಿಡುವವರು ಇರುವುದಿಲ್ಲ.

ಎಚ್‌ಆರ್ ಹೆಡ್ ಆ ಪತ್ರಕ್ಕೆ ಉತ್ತರಿಸುವಾಗ ಸೇವಾ ಶುಲ್ಕದ ಒಂದು ಭಾಗವನ್ನು, ಸೇರಿದವರು ಮೂವತ್ತು ದಿನ ಉಳಿದ ಮೇಲೆ ಕೊಡುವುದಾಗಿ ಬರೆಯಬಹುದು. ಇದು ಒಪ್ಪಿಗೆಯಾದರೆ ಸ್ಟಾಫಿಂಗ್ ಕಂಪನಿಯವರೇ ಬಸ್ಸು ಎಲ್ಲಿ ನಿಲ್ಲುತ್ತದೆ, ಕ್ಯಾಂಟೀನಿನಲ್ಲಿ ರಾತ್ರಿ ಊಟ ಇದೆಯೇ, ಪಕ್ಕದ ಕಾರ್ಖಾನೆ ಎಷ್ಟು ಕೊಡುತ್ತದೆ ಎಂದು ವಿಚಾರಿಸತೊಡಗುತ್ತಾರೆ. ಪಕ್ಕದವರು ಒಂದೂವರೆ ಸಾವಿರ ಹೆಚ್ಚು ಕೊಡುತ್ತಿದ್ದರೆ ಅದನ್ನು ಮುಚ್ಚಿಡದೆ, ಈ ಸಂಬಳಕ್ಕೆ ತಿಂಗಳೊಳಗೆ 120 ಜನ ಆಗುವುದಿಲ್ಲ ಎಂದು ಬರೆದು ತಿಳಿಸುತ್ತಾರೆ. ಆಗ ಎಚ್‌ಆರ್ ಹೆಡ್ ಆ ಕಾಗದ ಹಿಡಿದು ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಎಂಡಿ ಕೋಣೆಗೆ ಹೋಗಿ, ಸಂಬಳ ಏರಿಸುವುದೋ ಶಿಫ್ಟ್ ಶುರುವಾಗುವ ದಿನವನ್ನು ಮುಂದಕ್ಕೆ ಹಾಕುವುದೋ ಎಂದು ಕೇಳಬಹುದು.